ಟಿಕೆಟ್ 9, ದೋಣಿಯಲ್ಲಿ 13 ಜನ

ಮಲೆನಾಡಿನ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವುದು ನನ್ನ ಕೆಲಸ. ಕಳೆದ ಬೇಸಿಗೆಯಲ್ಲಿ ನಾನು ನಡೆಸುತ್ತಿದ್ದ ದೋಣಿ ನಡುನೀರಿನಲ್ಲಿ ಮಗುಚಿತು. ಎಲ್ಲರೂ ಬದುಕಿದರು. ಆಮೇಲೆ ಪೊಲೀಸರಿಗೆ ವರದಿ ಬರೆದುಕೊಟ್ಟೆ. ದೋಣಿ ನಡೆಸುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಅದರಲ್ಲಿದ್ದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ದೋಣಿ ಫೈಬರಿನದು. 12 ಪ್ರವಾಸಿಗರು, ಜೊತೆಗೆ ನಾನು ಮತ್ತು ಸಹಾಯಕ ಹುಡುಗ ಕೂರಬಹುದು. ಅಂದು 9 ಟಿಕೆಟ್ ಹರಿದಿದ್ದರು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಂಥ ಇಬ್ಬರು ಮಕ್ಕಳಿದ್ದರು. ಅಲ್ಲಿಗೆ ಪ್ರವಾಸಿಗರು 11, ನಾವಿಬ್ಬರು ಸೇರಿ 13. ನಾನು ದಡ ಬಿಡುವ ಮೊದಲು ಟಿಕೆಟ್ ಎಣಿಸುವುದಿಲ್ಲ, ತಲೆ ಎಣಿಸುತ್ತೇನೆ. ಹೆಸರು, ಅಂದಾಜು ವಯಸ್ಸು, ಕೊಟ್ಟ ಲೈಫ್ ಜಾಕೆಟ್ ದೊಡ್ಡದೋ ಚಿಕ್ಕದೋ ಎಂದು ರಿಜಿಸ್ಟರಿನಲ್ಲಿ ಬರೆದು, ಅದನ್ನು ದಡದಲ್ಲೇ ಬಿಡುತ್ತೇನೆ. ದೋಣಿಯಲ್ಲಿಟ್ಟರೆ ಅದೂ ನೀರಿಗೇ ಹೋಗುತ್ತದೆ ಅಲ್ವಾ?

ಏಪ್ರಿಲ್ ತಿಂಗಳ ಮಧ್ಯಾಹ್ನ. ಗುಡ್ಡದ ಹಿಂದೆ ಮೋಡ ಕಂಡ ಕೂಡಲೇ ದೋಣಿ ತಿರುಗಿಸಿದೆ. ಮಳೆಗಿಂತ ಮೊದಲು ಗಾಳಿ ಬಂತು, ಎಡಗಡೆಯಿಂದ. ಅಲೆಯ ನೀರು ಎಡಸಾಲಿನಲ್ಲಿ ಕೂತವರ ಮೈಮೇಲೆ ಹಾರಿತು. ಅವರು ನೆನೆಯಬಾರದೆಂದು ಎದ್ದು ಬಲಕ್ಕೆ ಸರಿದರು. ಕೂತ್ಕೊಳ್ಳಿ ಎಂದು ಕೂಗಿದೆ. ಗಾಳಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಭಾರವೆಲ್ಲ ಬಲಕ್ಕೆ ಬಿತ್ತು, ಎಡಗಡೆ ಮೇಲೆದ್ದಿತು. ಅದರ ಅಡಿಗೆ ಗಾಳಿ ಹೊಕ್ಕಿತು, ಮೇಲಿದ್ದ ಟಾರ್ಪಾಲಿಗೂ ತುಂಬಿಕೊಂಡಿತು. ಬಲ ಅಂಚಿನಿಂದ ನೀರು ಒಳಗೆ ಬಂತು. ಬಂದ ನೀರು ತಗ್ಗಿದ ಕಡೆಗೇ ಓಡಿ ಇನ್ನಷ್ಟು ತಗ್ಗಿಸುತ್ತದೆ. ಅಲ್ಲಿಂದ ಮುಂದೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೆಕ್ಕಡಿಯ ಪೆರಿಯಾರ್ ಕೆರೆಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡಾಗಲೂ, ಪ್ರಾಣಿ ನೋಡಲು ಜನ ಒಂದೇ ಪಕ್ಕಕ್ಕೆ ಸೇರಿದ್ದರು ಎಂಬುದು ಮುಖ್ಯವಾಗಿ ಕೇಳಿಬಂತು. ಅಲ್ಲಿ ಪ್ರಯಾಣಿಕರು ಜಾಕೆಟ್ ತೊಟ್ಟಿರಲಿಲ್ಲ.

ನಮ್ಮಲ್ಲಿ ಎಲ್ಲರೂ ತೊಟ್ಟಿದ್ದರು. ಆದರೆ ವರದಿಯಲ್ಲಿ ಸುಮ್ನೆ 'ತೊಟ್ಟಿದ್ದರು' ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಹತ್ತುವಾಗ ನಾನು ಪ್ರತಿಯೊಬ್ಬರ ಜಾಕೆಟನ್ನೂ ಎರಡು ಭುಜದಲ್ಲಿ ಹಿಡಿದು ಮೇಲಕ್ಕೆತ್ತಿ ನೋಡುತ್ತೇನೆ. ಕಿವಿಯವರೆಗೆ ಬಂದರೆ ಪಟ್ಟಿ ಸಡಿಲ ಎಂದರ್ಥ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಕೊಡಲೇಬಾರದು. ಚಿಕ್ಕ ಜಾಕೆಟ್ಟಿನಲ್ಲೂ ಕಾಲುಗಳ ನಡುವೆ ಬರುವ ಪಟ್ಟಿ ಕಟ್ಟಿರಬೇಕು. ಆ ಇಬ್ಬರು ಮಕ್ಕಳ ಜಾಕೆಟ್ ಕಡೆಯವರೆಗೂ ಮೈಮೇಲೇ ಇತ್ತು.

ಜಾಕೆಟ್ಟಿನಿಂದ ತೊಂದರೆಯೂ ಆಗುತ್ತದೆ, ಇದನ್ನು ಜನ ಹೇಳುವುದು ಕಡಿಮೆ. ಒಬ್ಬ ಹೆಂಗಸು ಮಗುಚಿದ ದೋಣಿಯ ಅಡಿಯಲ್ಲೇ ಉಳಿದರು. ಜಾಕೆಟ್ ಅವರನ್ನು ಮೇಲಕ್ಕೆ, ಅಂದರೆ ದೋಣಿಯ ತಳಕ್ಕೆ ಒತ್ತಿ ಹಿಡಿದಿತ್ತು. ಸೀರೆ ಟಾರ್ಪಾಲಿನ ಪೈಪಿಗೆ ಸಿಕ್ಕಿತ್ತು. ತಳದಲ್ಲಿ ಸ್ವಲ್ಪ ಗಾಳಿ ನಿಂತಿದ್ದರಿಂದ ಉಸಿರಿತ್ತು. ನನ್ನ ಹುಡುಗ ತನ್ನ ಜಾಕೆಟ್ ಬಿಚ್ಚಿ ಮುಳುಗಿ, ಸೆರಗು ಕೊಯ್ದು, ಅವರನ್ನು ಮೊದಲು ಕೆಳಕ್ಕೆ, ಆಮೇಲೆ ಹೊರಕ್ಕೆ ಎಳೆದ. ನೇರ ಪಕ್ಕಕ್ಕೆ ಎಳೆದಿದ್ದರೆ ಅಂಚಿಗೆ ಸಿಕ್ಕಿಕೊಳ್ಳುತ್ತಿದ್ದರು. ಇಂಜಿನ್ನಿನ ಕಿಲ್ ಸ್ವಿಚ್ ಹಗ್ಗ ನನ್ನ ಮಣಿಕಟ್ಟಿನಲ್ಲಿತ್ತು. ನಾನು ಬಿದ್ದ ಕೂಡಲೇ ಇಂಜಿನ್ ನಿಂತಿತ್ತು. ಇಲ್ಲದಿದ್ದರೆ ಆ ಹುಡುಗ ತಿರುಗುವ ಫ್ಯಾನಿನ ಹತ್ತಿರ ಮುಳುಗಬೇಕಿತ್ತು.

ದಡ ಹತ್ತಿರ ಕಾಣುತ್ತಿತ್ತು. ಇಬ್ಬರು ಯುವಕರು ಈಜಲು ಹೊರಟರು, ಬೈದು ನಿಲ್ಲಿಸಿದೆ. ತೇಲುವ ದೋಣಿ ದೂರದಿಂದ ಕಾಣುತ್ತದೆ, ಒಂಟಿ ತಲೆ ಅಲೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ದೋಣಿ ಬಂತು. ನಡೆಸುವವನು ಅನುಭವಿ. ಗಾಳಿಗೆ ಎದುರಾಗಿ ನಿಧಾನವಾಗಿ ಬಂದು, ಹತ್ತಿರದಲ್ಲಿ ಇಂಜಿನ್ ಆರಿಸಿದ. ಗಾಳಿಯ ಜೊತೆಗೆ ಬಂದಿದ್ದರೆ ದೋಣಿ ನಮ್ಮ ಮೇಲೇ ತೇಲಿ ಬರುತ್ತಿತ್ತು. ಒಬ್ಬೊಬ್ಬರನ್ನೇ ಎತ್ತಿದೆವು, ಮಕ್ಕಳನ್ನು ಮೊದಲು. ಎತ್ತುವಾಗ ಒಳಗಿದ್ದವರು ಎದುರು ಪಕ್ಕದಲ್ಲಿ ಕೂತಿರಬೇಕು, ಇಲ್ಲದಿದ್ದರೆ ಎರಡನೆಯ ದೋಣಿಯೂ ಮಗುಚುತ್ತದೆ. ಎರಡು ಸಲ ಸಾಗಿಸಬೇಕಾಯಿತು.

ದಡದಲ್ಲಿ ಯಾರೋ ಟಿಕೆಟ್ ಪುಸ್ತಕ ನೋಡಿ, "ಒಂಬತ್ತೂ ಬಂತು, ಆಯ್ತು" ಎಂದರು. ಆಗ ನಾನೂ ಹುಡುಗನೂ ಇನ್ನೂ ನೀರಿನಲ್ಲೇ ಇದ್ದೆವು, ಇಬ್ಬರು ಗಂಡಸರು ನಮ್ಮ ಜೊತೆ ದೋಣಿ ಹಿಡಿದಿದ್ದರು. ರಿಜಿಸ್ಟರ್ ಹಿಡಿದವನು 13 ಹೆಸರಿಗೂ ಗುರುತು ಬೀಳುವವರೆಗೆ ಬಿಡಲಿಲ್ಲ.

ನೀರು ಕುಡಿದ ನಾಲ್ವರು ಚೆನ್ನಾಗಿದ್ದೇವೆ ಎಂದರೂ ಆಸ್ಪತ್ರೆಗೆ ಕಳಿಸಿದೆವು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಬಹುದು. ಕೆಮ್ಮು ನಿಲ್ಲದ ಒಬ್ಬರನ್ನು ರಾತ್ರಿ ಅಲ್ಲೇ ಇಟ್ಟುಕೊಂಡರು.

ವರದಿಯ ಕೊನೆಗೆ ಎರಡು ಮಾತು ಬರೆದೆ. ಟಾರ್ಪಾಲು ಬೇಡ, ಬಿಸಿಲಿಗೆ ಟೋಪಿ ಕೊಡೋಣ. ಮಗುಚಿದ ಫೈಬರ್ ತಳ ಜಾರುತ್ತದೆ, ಬೆರಳಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಎರಡೂ ಅಂಚಿನ ಉದ್ದಕ್ಕೂ ಹಿಡಿಯಲು ಹಗ್ಗ ಇರಬೇಕು. ನಮ್ಮ ಕಟ್ಟೆಯ ದೋಣಿಗಳಿಗೆಲ್ಲ ಈಗ ಹಗ್ಗ ಕಟ್ಟಿದ್ದೇವೆ. ಟಾರ್ಪಾಲು ಮಾತ್ರ ಕೆಲವರು ಇನ್ನೂ ತೆಗೆದಿಲ್ಲ.