ಹವಳದ ದಿಬ್ಬ ಬೆಳೆಯುವ ಬಗೆ, ಬೆಳ್ಳಗಾಗುವ ಲೆಕ್ಕ

ಬೆಳ್ಳಗಾದ ಹವಳದ ಫೋಟೊ ನೋಡಿದ ತಕ್ಷಣ ಅದು ಸತ್ತುಹೋಗಿದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಇನ್ನೂ ಬದುಕಿರುತ್ತದೆ, ಹೊಟ್ಟೆಗಿಲ್ಲದೆ ಕಾಯುತ್ತಿರುತ್ತದೆ. ಅದರ ಮೇಲೆ ಬಿದ್ದ ಬಿಸಿ ಎಷ್ಟು, ಅದು ಉಳಿಯುವುದು ಕಷ್ಟವಾ ಅನ್ನುವುದನ್ನು ಅಂದಾಜು ಮಾಡಲು ಒಂದು ಲೆಕ್ಕ ಇದೆ. ಕೂಡುವುದು, ಕಳೆಯುವುದು ಬಂದರೆ ಸಾಕು. ಆದರೆ ಅದಕ್ಕೂ ಮೊದಲು ದಿಬ್ಬ ಏಳುವುದು ಹೇಗೆ ಅಂತ ನೋಡಬೇಕು, ಯಾಕೆಂದರೆ ಹವಳ ಯಾವುದರಿಂದ ಬೆಳೆಯುತ್ತದೋ ಅದೇ ಬಿಸಿಯಲ್ಲಿ ಅದಕ್ಕೆ ಮುಳುವಾಗುತ್ತದೆ.

ಮೊದಲು ಮರಿ ಅಂಟಿಕೊಳ್ಳಬೇಕು

ಹವಳ ಒಂದು ಪ್ರಾಣಿ, ಜೆಲ್ಲಿ ಮೀನಿನ ನೆಂಟ. ಅದರ ಮರಿ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು. ಕೆಲವು ದಿನ ನೀರಿನಲ್ಲಿ ತೇಲಾಡಿ, ಆಮೇಲೆ ಗಟ್ಟಿ ಜಾಗ ಹುಡುಕುತ್ತದೆ. ಮರಳು, ಕೆಸರು ಆಗುವುದಿಲ್ಲ. ಬಂಡೆಯ ಮೇಲೆ ಗುಲಾಬಿ ಬಣ್ಣದ ಸುಣ್ಣದ ಪಾಚಿ ಹಬ್ಬಿದ್ದರೆ ಅಲ್ಲಿ ಕೂರುವುದು ಬಹಳ ಜಾತಿಯ ಮರಿಗಳಿಗೆ ಇಷ್ಟ.

ಕೂತ ಮರಿ ಪಾಲಿಪ್ ಆಗುತ್ತದೆ. ಪಾಲಿಪ್ ಅಂದರೆ ಒಂದು ಪುಟ್ಟ ಮೆತ್ತನೆಯ ಚೀಲ, ಮೇಲೆ ಒಂದು ಬಾಯಿ, ಬಾಯಿಯ ಸುತ್ತ ಬೆರಳಿನಂಥ ಎಳೆಗಳು. ಇದು ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ, ಪಕ್ಕದಲ್ಲಿ ತನ್ನಂಥದ್ದೇ ಇನ್ನೊಂದನ್ನು ಮೊಳೆಸುತ್ತದೆ, ಅದು ಮತ್ತೊಂದನ್ನು, ಹೀಗೆ ಸಾವಿರಾರು ಪಾಲಿಪ್ ಸೇರಿ ಒಂದು ಗುಂಪು. ಮೇಲಿನ ತೆಳ್ಳನೆಯ ಪದರಕ್ಕೆ ಮಾತ್ರ ಜೀವ. ಕೆಳಗಿರುವುದೆಲ್ಲ ಅವು ಬಿಟ್ಟು ಮೇಲೆದ್ದ ಹಳೆಯ ಮನೆಗಳು. ಮುರಿದ ತುಂಡು, ಮರಳು, ಚಿಪ್ಪುಗಳು ಸಂದಿಗಳಲ್ಲಿ ತುಂಬಿಕೊಳ್ಳುತ್ತವೆ, ಅದೇ ಸುಣ್ಣದ ಪಾಚಿ ಗಾರೆಯ ಹಾಗೆ ಅವನ್ನು ಬೆಸೆಯುತ್ತದೆ. ಇದೇ ದಿಬ್ಬ.

ವೇಗ ಜಾತಿಗೆ ತಕ್ಕಂತೆ. ಕವಲೊಡೆಯುವ ಅಕ್ರೊಪೋರ ವರ್ಷಕ್ಕೆ 10 ಸೆಂಟಿಮೀಟರ್ ಬೆಳೆಯಬಲ್ಲದು. ಗುಂಡಗಿನ ಪೊರೈಟಿಸ್ ಸುಮಾರು 1 ಸೆಂಟಿಮೀಟರ್. ಪೆಸಿಫಿಕ್ ಸಾಗರದ ಎನೆವೆಟಾಕ್ ದ್ವೀಪದಲ್ಲಿ 1952ರಲ್ಲಿ ಕೊರೆದು ನೋಡಿದಾಗ 1,200 ಮೀಟರಿಗೂ ಹೆಚ್ಚು ಆಳದವರೆಗೆ ಹವಳದ ಸುಣ್ಣಕಲ್ಲೇ ಸಿಕ್ಕಿತು, ಅದರಡಿಯಲ್ಲಿ ಜ್ವಾಲಾಮುಖಿಯ ಬಂಡೆ. ಅಷ್ಟು ಆಳದ ಕತ್ತಲಲ್ಲಿ ಈ ಹವಳ ಬೆಳೆಯುವುದಿಲ್ಲ. ಕೆಳಗಿನ ಜ್ವಾಲಾಮುಖಿ ನಿಧಾನಕ್ಕೆ ಕುಸಿಯುತ್ತಾ ಹೋದಂತೆ ಹವಳ ಬೆಳಕಿನ ಹತ್ತಿರವೇ ಇರಲು ಮೇಲೆ ಮೇಲೆ ಕಟ್ಟುತ್ತಾ ಹೋಯಿತು. ಡಾರ್ವಿನ್ 1842ರಲ್ಲೇ ಹೀಗಿರಬೇಕು ಅಂತ ಊಹಿಸಿದ್ದ.

ಬೆಳಕು ಬೇಕಾಗಿರುವುದು ಯಾರಿಗೆ?

ಪ್ರಾಣಿಗೆ ಯಾಕಪ್ಪಾ ಬಿಸಿಲು ಅನ್ನಿಸುತ್ತೆ ಅಲ್ವಾ? ಬಿಸಿಲು ಬೇಕಿರುವುದು ಅದರ ಒಳಗಿರುವವರಿಗೆ. ಪಾಲಿಪ್‌ನ ಜೀವಕೋಶಗಳ ಒಳಗೇ ಒಂಟಿಕೋಶದ ಪಾಚಿ ವಾಸ ಮಾಡುತ್ತದೆ. ಬಿಸಿಲಿನಲ್ಲಿ ಅದು ಸಕ್ಕರೆ ತಯಾರಿಸಿ, ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ತನ್ನ ಕಸವನ್ನು ಅದಕ್ಕೆ ಗೊಬ್ಬರವಾಗಿ ಕೊಡುತ್ತದೆ. ಬಹಳ ಹವಳಗಳಿಗೆ ಬೇಕಾದ ಶಕ್ತಿಯ ಹೆಚ್ಚಿನ ಭಾಗ ಇಲ್ಲಿಂದಲೇ ಬರುತ್ತದೆ, ಸುಣ್ಣ ಕಟ್ಟುವುದೂ ಇದರ ಬಲದಿಂದಲೇ. ಹವಳದ ಕಂದು ಬಣ್ಣವೂ ಈ ಪಾಚಿಯದೇ.

ಬಿಸಿ ಏರಿದಾಗ

ನೀರು ಕಾಯುತ್ತಾ ಬಂದರೆ ಪಾಚಿಯಲ್ಲಿ ಬೆಳಕು ಹಿಡಿಯುವ ವ್ಯವಸ್ಥೆ ಕೆಡುತ್ತದೆ. ಬೆಳಕು ಬೀಳುತ್ತಲೇ ಇರುತ್ತದೆ, ಅದನ್ನು ಸಕ್ಕರೆ ಮಾಡಲು ಆಗುವುದಿಲ್ಲ. ಆ ಹೆಚ್ಚುವರಿ ಶಕ್ತಿಯಿಂದ ಜೀವಕೋಶವನ್ನು ಸುಡುವಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ, ಅವು ಪಾಚಿಯನ್ನೂ ಹವಳವನ್ನೂ ಹಾಳುಮಾಡುತ್ತವೆ. ಕೊನೆಗೆ ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಹವಳದ ಮೈ ಗಾಜಿನಂತೆ ತಿಳಿ, ಹಾಗಾಗಿ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ಬ್ಲೀಚಿಂಗ್ ಅನ್ನುವುದು ಇದನ್ನೇ. ಗಾಳಿ ನಿಂತು, ನೀರು ತಿಳಿಯಾಗಿ, ಮೋಡವಿಲ್ಲದ ಬಿಸಿಲಿದ್ದರೆ ಜಾಸ್ತಿ ಆಗುವುದೂ ಇದಕ್ಕೇ: ಬಿಸಿಯೂ ಬೆಳಕೂ ಜೊತೆಗೂಡುತ್ತವೆ.

ಈಗ ಲೆಕ್ಕ

ಒಂದು ದಿಬ್ಬದಲ್ಲಿ ವರ್ಷದ ಅತಿ ಬಿಸಿ ತಿಂಗಳಿನ ಹಳೆಯ ಸರಾಸರಿ 28.5 ಡಿಗ್ರಿ ಸೆಲ್ಸಿಯಸ್ ಅಂತ ಇಟ್ಟುಕೊಳ್ಳಿ. ಅದಕ್ಕೆ 1 ಡಿಗ್ರಿ ಸೇರಿಸಿ, 29.5. ಇದು ಗಡಿ. ಗಮನಿಸಿ, ಎಲ್ಲ ಕಡಲಿಗೂ ಒಂದೇ ಗಡಿ ಇಲ್ಲ, ಹವಳ ತನ್ನ ಜಾಗದ ಬೇಸಿಗೆಗೆ ಒಗ್ಗಿಕೊಂಡಿರುತ್ತದೆ.

ಮೊದಲ ವಾರ ನೀರು 29 ಡಿಗ್ರಿ. ಸರಾಸರಿಗಿಂತ ಅರ್ಧ ಡಿಗ್ರಿ ಮಾತ್ರ ಮೇಲೆ, ಲೆಕ್ಕಕ್ಕಿಲ್ಲ. ಎರಡನೇ ವಾರ 29.5: ಸರಾಸರಿಗಿಂತ 1 ಡಿಗ್ರಿ ಮೇಲೆ, 1 ಬರೆದುಕೊಳ್ಳಿ. ಮೂರನೇ ವಾರ 30: ಒಂದೂವರೆ. ನಾಲ್ಕನೇ ವಾರ 30.5: ಎರಡು. ಇಲ್ಲಿಗೆ ಕೂಡಿದರೆ ನಾಲ್ಕೂವರೆ. ಐದನೇ ವಾರ ಮತ್ತೆ 30, ಒಟ್ಟು ಆರು. ಆಮೇಲಿನ ಎರಡು ವಾರ 29.5 ಇದ್ದರೂ ಒಂದೊಂದು ಸೇರಿ ಎಂಟಾಗುತ್ತದೆ. ಹೀಗೆ ಹಿಂದಿನ 12 ವಾರಗಳನ್ನು ಕೂಡಿ ಬರುವ ಸಂಖ್ಯೆಯನ್ನು ಡಿಗ್ರಿ ಹೀಟಿಂಗ್ ವೀಕ್ ಅನ್ನುತ್ತಾರೆ. ಕಡಲು, ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ ಉಪಗ್ರಹದ ಅಳತೆಗಳಿಂದ ಇದನ್ನು ಲೆಕ್ಕ ಹಾಕುತ್ತದೆ. 4 ಮುಟ್ಟಿದರೆ ಕಣ್ಣಿಗೆ ಕಾಣುವಷ್ಟು ಬ್ಲೀಚಿಂಗ್ ಆಗಬಹುದು. 8 ಮುಟ್ಟಿದರೆ ಸಾವು ಶುರುವಾಗುವ ಸಾಧ್ಯತೆ ಹೆಚ್ಚು. ನೋಡಿ, ನಮ್ಮ ಲೆಕ್ಕದಲ್ಲಿ ನೀರು ಸರಾಸರಿಗಿಂತ 2 ಡಿಗ್ರಿ ಮೇಲೆ ಹೋಗಿದ್ದು ಒಂದೇ ವಾರ. ಎಷ್ಟು ಬಿಸಿ ಅನ್ನುವಷ್ಟೇ ಎಷ್ಟು ವಾರ ಅನ್ನುವುದೂ ಮುಖ್ಯ.

ಲೆಕ್ಕಕ್ಕೂ ಮಿತಿ ಇದೆ. ಇದು ಮೇಲ್ಮೈ ನೀರಿನ ಅಳತೆ, ಮೋಡ ಬಿಸಿಲನ್ನು ತಡೆದಿದ್ದು ಇದರಲ್ಲಿ ಸಿಗುವುದಿಲ್ಲ. ಒಂದೇ ಬಿಸಿಯಲ್ಲಿ ಅಕ್ರೊಪೋರ ಬೇಗ ಸಾಯುತ್ತದೆ, ಪೊರೈಟಿಸ್ ಬಹಳ ಸಲ ಬದುಕುಳಿಯುತ್ತದೆ.

2016ರಲ್ಲಿ ಆದದ್ದು

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿಲೋಮೀಟರ್ ಉದ್ದ. 2016ರ ಬೇಸಿಗೆಯಲ್ಲಿ ಅದರ ಉತ್ತರ ಭಾಗ ಬಿಸಿಯಲ್ಲಿ ವಾರಗಟ್ಟಲೆ ಬೆಂದಿತು. ದಕ್ಷಿಣ ಭಾಗ ಹೆಚ್ಚು ಬೆಳ್ಳಗಾಗಲಿಲ್ಲ. ಯಾಕೆ ಗೊತ್ತಾ? ಫಿಜಿಯನ್ನು ಅಪ್ಪಳಿಸಿದ ವಿನ್‌ಸ್ಟನ್ ಚಂಡಮಾರುತದ ಉಳಿಕೆ ಆ ಕಡೆ ಬಂದು ಮೋಡ, ಮಳೆ, ಗಾಳಿ ತಂದು ನೀರನ್ನು ತಣ್ಣಗೆ ಮಾಡಿತು. ಆದರೂ ಇಡೀ ದಿಬ್ಬದ ಸಾಲಿನಲ್ಲಿ ಆಳ ಕಡಿಮೆ ಇರುವ ಕಡೆಯ ಹವಳದಲ್ಲಿ ನೂರಕ್ಕೆ ಸುಮಾರು 30ರಷ್ಟು ಸತ್ತಿತು. ಅದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ತೊಳಸಿದಂತಾಗಿತ್ತು.

ಬದುಕಿದೆಯೋ ಸತ್ತಿದೆಯೋ

ನೀರಿಗಿಳಿದವರು ಹತ್ತಿರದಿಂದ ನೋಡಬೇಕು. ಬಿಳಿ ಮೈ ಮೇಲೆ ತಿಳಿ ಪದರ, ಪುಟ್ಟ ಎಳೆಗಳು ಕಾಣುತ್ತಿದ್ದರೆ ಜೀವ ಇದೆ. ನೀರು ಬೇಗ ತಣ್ಣಗಾದರೆ ಪಾಚಿ ಮತ್ತೆ ತುಂಬಿಕೊಳ್ಳುತ್ತದೆ, ಬಣ್ಣ ಮರಳಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಸುಣ್ಣದ ಮೇಲೆ ಹಸಿರು, ಕಂದು ಬಣ್ಣದ ತುಪ್ಪಳದಂಥ ಪಾಚಿ ಬಂದಿದ್ದರೆ ಆ ಜಾಗದ ಹವಳ ಸತ್ತಿದೆ. ಇನ್ನೊಂದು ಎಚ್ಚರ: ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನು ಬಿಟ್ಟುಹೋದ ಜಾಗವೂ ಬೆಳ್ಳಗಿರುತ್ತದೆ. ಅಲ್ಲಿ ಮೈ ಪೂರ್ತಿ ಹೋಗಿರುತ್ತದೆ, ಬರೀ ಸುಣ್ಣ ಉಳಿದಿರುತ್ತದೆ.

ಸತ್ತ ದಿಬ್ಬ ಮತ್ತೆ ತುಂಬಲು ಬೇಗ ಬೆಳೆಯುವ ಜಾತಿಗಳಿಗೂ 10ರಿಂದ 15 ವರ್ಷ ಬೇಕು. ಗ್ರೇಟ್ ಬ್ಯಾರಿಯರ್ ರೀಫ್ 2016ರ ನಂತರ 2017, 2020, 2022, 2024ರಲ್ಲೂ ದೊಡ್ಡ ಮಟ್ಟದಲ್ಲಿ ಬೆಳ್ಳಗಾಯಿತು. ಈ ಮಧ್ಯೆ ಸತ್ತ ಕವಲುಗಳು ಮುರಿದು ಚೂರಾಗುತ್ತವೆ, ಅಲೆ ಬಂದಾಗಲೆಲ್ಲ ಆ ಚೂರುಗಳು ಉರುಳಾಡುತ್ತವೆ, ಹೊಸ ಮರಿ ಬಂದು ಕೂತರೂ ಅದರಡಿ ಸಿಕ್ಕಿ ನುಜ್ಜಾಗುತ್ತದೆ.