ಫ್ಯಾಟು, ಎಸ್‌ಎನ್‌ಎಫ್ಫು ಜೋಡಿಯಾಗಿ ಓದಿದ್ಮೇಲೆ ನಮ್ಮ ಡೈರೀಲಿ ನೀರಿನ ಜಗಳ ನಿಂತಿದ್ದು: ನನ್ನ ಅನುಭವ

ಮದ್ದೂರು ಕಡೆ ಒಂದು ಹಳ್ಳಿ ಡೈರೀಲಿ ಹನ್ನೊಂದು ವರ್ಷದಿಂದ ಟೆಸ್ಟರ್ ಆಗಿದೀನಿ. ಬೆಳಿಗ್ಗೆ ಸಾಯಂಕಾಲ ಸೇರಿ ಹತ್ತತ್ರ ನೂರೈವತ್ತು ಸ್ಯಾಂಪಲ್ ನೋಡ್ತೀನಿ. ಹಾಲಿನ ಜಿಡ್ಡು ಅಂದ್ರೆ ಫ್ಯಾಟು, ಜಿಡ್ಡು ಬಿಟ್ಟು ಉಳಿದ ಘನಾಂಶ ಅಂದ್ರೆ ಎಸ್‌ಎನ್‌ಎಫ್ಫು, ಎರಡನ್ನೂ ಅದೇ ಮನೆಯ ಹಳೇ ನಂಬರ್ ಜೊತೆ ಹೋಲಿಸಿ ನೋಡೋ ಪದ್ಧತಿ ಶುರು ಮಾಡಿದಾಗ ನಮ್ಮ ಅಧ್ಯಕ್ಷರೇ "ಮೆಷಿನ್ ತೋರ್ಸಿದ್ದು ಬರ್ಕೊಂಡು ಬಿಲ್ ಕೊಡಯ್ಯ, ನಿಂಗ್ಯಾಕೆ ಈ ಲೆಕ್ಕಾಚಾರ" ಅಂದಿದ್ರು, ಪಕ್ಕದೂರಿನ ಟೆಸ್ಟರ್‌ಗಳೂ ನಕ್ಕಿದ್ರು. ಈಗ ಅವರೇ ಫೋನ್ ಮಾಡಿ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಶುರುವಾಗಿದ್ದು ಒಬ್ಬ ಅಕ್ಕನ ಹಾಲಿಂದ. ಮನೇಲಿ ಒಂದೇ ಎಚ್‌ಎಫ್ ಹಸ, ಕರು ಹಾಕಿ ಎರಡು ತಿಂಗಳಾಗಿತ್ತು, ಬೆಳಿಗ್ಗೆ ಒಂಬತ್ತು ಲೀಟರ್ ಹಾಕೋರು. ಇದ್ದಕ್ಕಿದ್ದಂಗೆ ಎಸ್‌ಎನ್‌ಎಫ್ 7.9 ಬರೋಕೆ ಶುರುವಾಯ್ತು. ನಮ್ಮಲ್ಲಿ 8.5ಕ್ಕಿಂತ ಕೆಳಗೆ ಬಂದ್ರೆ ರೇಟು ಕಟ್ ಆಗುತ್ತೆ, ಆಹಾರ ಸುರಕ್ಷತೆ ಪ್ರಾಧಿಕಾರದ ಲೆಕ್ಕದಲ್ಲೂ ಹಸುವಿನ ಹಾಲು ಅಂದ್ರೆ ಫ್ಯಾಟ್ 3.2, ಎಸ್‌ಎನ್‌ಎಫ್ 8.3 ಇರಲೇಬೇಕು. ಕ್ಯೂನಲ್ಲಿ ನಿಂತೋರೆಲ್ಲ "ನೀರು" ಅಂದ್ರು. ನಾನೂ ಅಂದೆ. ಹನ್ನೆರಡು ದಿನ ಲೀಟರ್‌ಗೆ ಎರಡು ರೂಪಾಯಿ ಚಿಲ್ರೆ ಕಡಿಮೆ ಬರೆದೆ. ಆ ಅಕ್ಕ ಕ್ಯಾನ್ ಕೆಳಗಿಟ್ಟು "ನಾನು ನೀರು ಬೆರ್ಸಿದ್ರೆ ನನ್ ಹಟ್ಟಿ ಹಾಳಾಗೋಗ್ಲಿ ಕಣಪ್ಪ" ಅಂತ ಅತ್ಕೊಂಡು ಹೋದ್ರು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಎದ್ದು ಹಳೇ ರಿಜಿಸ್ಟರ್ ತೆಗೆದೆ.

ಮೂರು ತಿಂಗಳ ಪುಟ ತಿರುವಿ ನೋಡಿದ್ರೆ ವಿಷಯ ಕಣ್ಣಿಗೆ ಹೊಡೀತು. ಅವರ ಹಸುದು ಮೊದಲು 4.0 ಫ್ಯಾಟು, 8.5 ಎಸ್‌ಎನ್‌ಎಫ್ಫು. ಈಗ ಎಸ್‌ಎನ್‌ಎಫ್ 7.9, ಆದ್ರೆ ಫ್ಯಾಟ್ 4.1. ನೀರು ಬಿದ್ರೆ ಅದು ಎಸ್‌ಎನ್‌ಎಫ್ ಒಂದನ್ನೇ ಎಳೆಯಲ್ಲ, ಎರಡನ್ನೂ ಒಂದೇ ಪಾಲಲ್ಲಿ ಕೆಳಗಿಳಿಸುತ್ತೆ. 8.5 ಇದ್ದಿದ್ದು 7.9 ಆಗ್ಬೇಕಂದ್ರೆ ನೂರಕ್ಕೆ ಏಳು ಪಾಲು ನೀರಿರ್ಬೇಕು, ಆಗ 4.0 ಫ್ಯಾಟು ಹತ್ತತ್ರ 3.7ಕ್ಕೆ ಬಂದಿರ್ಬೇಕಿತ್ತು. ಬಂದಿಲ್ಲ, ಬದ್ಲಿಗೆ ಒಂದು ಕೂದ್ಲು ಮೇಲೇ ಹೋಗಿದೆ. ಇದನ್ನ ನಾವೆಲ್ಲ ಟ್ರೈನಿಂಗಲ್ಲಿ ಕೇಳಿರ್ತೀವಿ, ಕೌಂಟರ್ ಮುಂದೆ ಐವತ್ತು ಜನ ನಿಂತಿರುವಾಗ ಯಾರೂ ನೋಡಲ್ಲ, ಕೆಂಪಲ್ಲಿ ಬಂದ ಒಂದು ನಂಬರ್ ಮಾತ್ರ ನೋಡ್ತೀವಿ.

ಮೆಷಿನ್ನೇ ತಪ್ಪಿರ್ಬೋದು ಅಂತ ಮೂಲೇಲಿದ್ದ ಲ್ಯಾಕ್ಟೋಮೀಟರ್ ತೆಗೆದೆ. ಹಾಲು 31 ಡಿಗ್ರಿ ಬಿಸಿ ಇತ್ತು, ರೀಡಿಂಗ್ 25. ನಮ್ಮದು 27 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ ಲ್ಯಾಕ್ಟೋಮೀಟರ್, ಮೇಲೆ ಇರೋ ಒಂದೊಂದು ಡಿಗ್ರಿಗೆ 0.2 ಸೇರಿಸ್ಬೇಕು, ಅಂದ್ರೆ 25.8 ಆಯ್ತು, ಸೂತ್ರದಲ್ಲಿರೋ CLR ಇದೇ. ಆಮೇಲೆ ಗೊತ್ತಿರೋ ಸೂತ್ರಾನೇ:

```
SNF = CLR/4 + 0.25 × Fat + 0.44
25.8/4 + 0.25 × 4.1 + 0.44 = 7.9
```

ಕೊನೇ ಅಂಕಿ ಒಂದೊಂದು ಒಕ್ಕೂಟದಲ್ಲಿ ಒಂದೊಂದು ಹಾಕ್ತಾರೆ, ನಿಮ್ಮಲ್ಲಿ ಯಾವುದಿದೆಯೋ ಅದನ್ನೇ ಹಾಕಿ, ಎರಡು ಸೂತ್ರ ಬೆರೆಸ್ಬೇಡಿ. ನನಗೆ ಬೇಕಿದ್ದಿದ್ದು ಮೆಷಿನ್ ಸುಳ್ಳು ಹೇಳ್ತಿದೆಯಾ ಅನ್ನೋದು. ಹೇಳ್ತಿರ್ಲಿಲ್ಲ.

ಉಳಿದಿದ್ದು ಕೊಟ್ಟಿಗೆ ಸ್ಯಾಂಪಲ್. ಇದನ್ನ ಅರ್ಧಂಬರ್ಧ ಮಾಡಿದ್ರೆ ಮಾಡದೇ ಇರೋದೇ ವಾಸಿ. ಹೇಳದೇ ಹೋಗ್ಬೇಕು, ಹಿಂದಿನ ಹೊತ್ತು ಕರೆದ ಟೈಮು ಕೇಳ್ಕೊಬೇಕು (ಬೆಳಿಗ್ಗೆ ಹಾಲಿಗೆ ಬೆಳಿಗ್ಗೆದೇ ಹೋಲಿಸ್ಬೇಕು, ಸಾಯಂಕಾಲದ್ದು ಅಂತರ ಕಡಿಮೆ ಇರೋದ್ರಿಂದ ಫ್ಯಾಟ್ ಜಾಸ್ತಿ ಬರುತ್ತೆ), ಕರೆಯೋ ಬಕೆಟ್ ಬೋರಲು ಹಾಕಿಸ್ಬೇಕು, ನಾಲ್ಕೂ ಮೊಲೆ ಕೊನೇ ಹನಿವರೆಗೂ ನಮ್ಮ ಕಣ್ಮುಂದೇನೇ ಕರೆಸ್ಬೇಕು. ಐದೂವರೆಗೇ ಹೋದೆ. ಬಂದಿದ್ದು ಫ್ಯಾಟ್ 4.2, ಎಸ್‌ಎನ್‌ಎಫ್ 7.9 ಚಿಲ್ರೆ. ಡೈರೀಲಿ ಬಂದಿದ್ದೇ ಕೊಟ್ಟಿಗೇಲೂ ಬಂತು. ನೀರಲ್ಲ, ಹಸುದೇ ಹಾಲು ತೆಳ್ಳಗಾಗಿದೆ.

ಮೊದ್ಲು ಕೆಚ್ಚಲು ಬಾವು ಅನ್ಕೊಂಡ್ವಿ, ಒಳಗೊಳಗೇ ಇರೋ ಬಾವಲ್ಲೂ ಎಸ್‌ಎನ್‌ಎಫ್ ಬೀಳುತ್ತಲ್ಲ. ಟೆಸ್ಟ್ ಮಾಡೋಕೆ ಮುಂಚೇನೇ ಯಾರೋ ಹೇಳಿದ್ರು ಅಂತ ಆ ಅಕ್ಕ ಆರುನೂರು ರೂಪಾಯಿ ಔಷಧಿ ತಂದು ಹಾಕಿದ್ರು, ದಂಡ. ಆಮೇಲೆ ನಾಲ್ಕು ಬಟ್ಟಲಿನ ತಟ್ಟೇಲಿ ಒಂದೊಂದು ಮೊಲೆ ಹಾಲು ಹಿಂಡಿ ದ್ರಾವಣ ಹಾಕಿ ತಿರುಗಿಸಿದ್ರೆ ಒಂದೂ ಗಟ್ಟಿಯಾಗ್ಲಿಲ್ಲ. ಗೋದಲಿ ನೋಡಿದ್ಮೇಲೆ ಉತ್ತರ ಸಿಕ್ತು. ಕಬ್ಬು ಕಡಿಯೋ ಟೈಮು, ಸೋಗೆ ಪುಕ್ಕಟೆ ಸಿಗುತ್ತೆ ಅಂತ ದಿನಾ ಸೋಗೆ, ಮೇಲೆ ಭತ್ತದ ಹುಲ್ಲು, ಫೀಡ್ ಮೂಟೆ ರೇಟು ಜಾಸ್ತಿ ಆಯ್ತು ಅಂತ ದಿನಕ್ಕೆ ಎರಡು ಕೆಜಿಗೆ ಇಳಿಸಿಬಿಟ್ಟಿದ್ರು. ಎರಡು ಹೊತ್ತೂ ಸೇರಿ ಹದಿನಾರು ಲೀಟರ್ ಕೊಡೋ ಹಸಕ್ಕೆ ಅದು ಏನಕ್ಕೂ ಸಾಲಲ್ಲ. ನಾರು ಹೊಟ್ಟೆ ತುಂಬಾ ಇರೋದ್ರಿಂದ ಫ್ಯಾಟ್ ನಿಂತಿತ್ತು, ಶಕ್ತಿ ಸಾಲ್ದೇ ಹಾಲಿನ ಪ್ರೋಟೀನ್ ಬಿದ್ದಿತ್ತು, ಅದರ ಜೊತೆ ಎಸ್‌ಎನ್‌ಎಫ್ಫೂ ಬಿತ್ತು. ಮಂಡ್ಯ ಕಡೆ ಕಬ್ಬಿನ ಸೀಸನ್ನಲ್ಲಿ ಫ್ಯಾಟ್ ಸರಿಯಿದ್ದು ಎಸ್‌ಎನ್‌ಎಫ್ ಒಂದೇ ಬಿದ್ರೆ ನಾನೀಗ ಮೊದಲು ಕೇಳೋದು "ಸೋಗೆ ಎಷ್ಟು ಹಾಕ್ತಿದೀರ" ಅಂತ.

ಫೀಡ್ ನಿಧಾನಕ್ಕೆ ಆರು ಕೆಜಿಗೆ ಏರಿಸಿದ್ವಿ, ಅದರಲ್ಲಿ ಒಂದು ಕೆಜಿ ಮುಸುಕಿನ ಜೋಳದ ನುಚ್ಚು, ಸೋಗೆ ಅರ್ಧ ಕಡಿಮೆ ಮಾಡಿ ನೇಪಿಯರ್ ಹುಲ್ಲು. ಮೊದಲ ವಾರ ಏನೂ ಕಾಣ್ಲಿಲ್ಲ, ಅಧ್ಯಕ್ಷರು "ನೋಡ್ದಾ" ಅಂದ್ರು. ಮೂರನೇ ವಾರಕ್ಕೆ 8.2, ಐದನೇ ವಾರಕ್ಕೆ 8.4, ಆಮೇಲೆ 8.5. ಫ್ಯಾಟ್ ಸ್ವಲ್ಪ ಇಳಿದು 3.9ಕ್ಕೆ ನಿಂತ್ಕೊಂತು, ಅದು ಇಳಿಯೋದೇ. ಮೇವಿನ ಖರ್ಚು ದಿನಕ್ಕೆ ನೂರು ರೂಪಾಯಿ ಮೇಲಾಯ್ತು, ಹಾಲು ದಿನಕ್ಕೆ ಎರಡೂವರೆ ಲೀಟರ್ ಏರಿತು, ರೇಟು ಕಟ್ ನಿಂತ್ಕೊಂತು. ಖರ್ಚು ಕಳೆದು ದಿನಕ್ಕೆ ಮೂವತ್ತು ನಲವತ್ತು ಉಳೀತು ಅಂತ ಅವರೇ ಲೆಕ್ಕ ಹೇಳಿದ್ರು. ಆ ಹನ್ನೆರಡು ದಿನದ ಕಡಿತ ಬಟವಾಡೇಲಿ ವಾಪಸ್ ಕೊಡಿಸೋಕೆ ಆಗ್ಲಿಲ್ಲ, ಬಿಲ್ ಹೋಗಿಬಿಟ್ಟಿತ್ತು. ಅದೊಂದು ನನ್ನ ಮನಸ್ಸಲ್ಲಿ ಉಳಿದಿದೆ.

ನೀರು ಅಂದ್ರೆ ಹೆಂಗಿರುತ್ತೆ ಅನ್ನೋದು ಅದೇ ವಾರ ಇನ್ನೊಂದು ಮನೆಯಿಂದ ಬಂತು. ಅವರದು ಯಾವಾಗ್ಲೂ 4.2, 8.5. ಅವತ್ತು 3.8, 7.7. ಎರಡನ್ನೂ ಹಳೇದರಿಂದ ಭಾಗಿಸಿ ನೋಡಿ, ಎರಡೂ 0.9ರ ಹತ್ರಾನೇ ಬರುತ್ತೆ, ಕೂಡಿ ಇಳಿದಿವೆ. ಹನ್ನೆರಡು ಲೀಟರಲ್ಲಿ ಒಂದು ಲೀಟರ್ ಮೇಲೇನೇ ನೀರು. ಜಗಳ ಮಾಡ್ಲಿಲ್ಲ, ರಿಜಿಸ್ಟರ್ ತಿರುಗಿಸಿ ತೋರಿಸಿದೆ. "ಬಕೆಟ್ ತೊಳೆದ ನೀರು ಸೇರ್ಕೊಂಡಿರ್ಬೇಕು ಕಣ್ಲಾ" ಅಂದ್ರು, ಮಾರನೇ ದಿನದಿಂದ ಸರಿಹೋಯ್ತು.

ಮೂರನೇ ಥರದ್ದು ಫ್ಯಾಟ್ ಒಂದೇ ಬೀಳೋದು, 2.7 ಫ್ಯಾಟು 8.6 ಎಸ್‌ಎನ್‌ಎಫ್ಫು ಅಂತ. ಇದರಲ್ಲಿ ನಾನು ಎರಡು ಸಲ ಮೋಸ ಹೋಗಿದೀನಿ. ಹೆಚ್ಚಿನ ಸಲ ಕರು ಕೊನೇಲಿ ಕುಡಿದಿರುತ್ತೆ. ನಾನೇ ನಮ್ಮನೆ ಹಸುದು ಮೊದಲ ಅರ್ಧ ಲೀಟರು, ಕೊನೇ ಅರ್ಧ ಲೀಟರು ಬೇರೆ ಬೇರೆ ಕರೆದು ನೋಡಿದೀನಿ: ಮೊದಲಿಂದು ಎರಡಕ್ಕೂ ಕೆಳಗೆ, ಕೊನೇದು ಏಳರ ಮೇಲೆ, ಎಸ್‌ಎನ್‌ಎಫ್ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಕ್ಯಾನ್ ಚೆನ್ನಾಗಿ ಕಲಕದೇ ಸ್ಯಾಂಪಲ್ ತೆಗೆದ್ರೂ ಹಿಂಗೇ ಬರುತ್ತೆ, ಅದು ನಮ್ಮ ತಪ್ಪು. ಆದ್ರೆ ಕೆನೆ ತೆಗೆದಿದ್ರೂ ಇದೇ ಜೋಡಿ, ನೀರು ಹಾಕಿ ಸಕ್ಕರೆ ಬೆರೆಸಿ ಲ್ಯಾಕ್ಟೋಮೀಟರ್ ರೀಡಿಂಗ್ ಎತ್ತಿದ್ರೂ ಹತ್ತತ್ರ ಇದೇ. ಸಕ್ಕರೆಗೆ ಕಿಟ್ಟಲ್ಲಿರೋ ರಿಸಾರ್ಸಿನಾಲ್ ಟೆಸ್ಟ್ ಮಾಡಿ, ಬಿಸಿನೀರಲ್ಲಿಟ್ಟಾಗ ಕೆಂಪಾದ್ರೆ ಸಕ್ಕರೆ. ಕೆನೆನಾ ಕರುನಾ ಅಂತ ಕೌಂಟರಲ್ಲೇ ಗುರುತು ಹಿಡಿಯೋಕೆ ನನ್ನ ಹತ್ರ ಒಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ, ಹಾಲು ಹಾಕೋರೂ ಓದ್ತಾರೆ. ಎದುರು ಸಿಕ್ಕಿದ್ರೆ ಟೆಸ್ಟರ್‌ಗಳಿಗೆ ಹೇಳ್ತೀನಿ.

ಇನ್ನೊಂದು ವಿಚಿತ್ರ. ಡೈರಿ ಪಕ್ಕದ ಮನೆಯವರದು ಯಾವಾಗ್ಲೂ ಎಸ್‌ಎನ್‌ಎಫ್ ಸ್ವಲ್ಪ ಕಡಿಮೆ, ತೋಟದ ಮನೆಯಿಂದ ಸೈಕಲಲ್ಲಿ ತರೋರದು ಸರಿ. ಪಕ್ಕದ ಮನೆಯವರದೇ ಹಾಲು ಕರೆದ ತಕ್ಷಣ ಲ್ಯಾಕ್ಟೋಮೀಟರ್ ಬಿಟ್ಟೆ, 27 ಬಂತು. ಒಂದೂವರೆ ಗಂಟೆ ಬಿಟ್ಟು, ಅದೇ ಬಿಸಿಗೆ ತಂದು, ಅದೇ ಹಾಲಿಗೆ ಬಿಟ್ಟೆ, 27.8 ಹತ್ರ. ಎಸ್‌ಎನ್‌ಎಫ್ ಲೆಕ್ಕದಲ್ಲಿ ಅದು 0.2. ಹೊಸ ಹಾಲಲ್ಲಿ ಗಾಳಿ ಸೇರ್ಕೊಂಡಿರುತ್ತೆ, ಜಿಡ್ಡು ಇನ್ನೂ ಗಟ್ಟಿಯಾಗಿರಲ್ಲ, ಅದಕ್ಕೆ. ಮೆಷಿನ್‌ಗೂ ನೊರೆ ಆಗಲ್ಲ, ಒಂದೇ ಸ್ಯಾಂಪಲ್ ಎರಡು ಸಲ ಹಾಕಿದಾಗ ನಂಬರ್ ಕುಣಿದ್ರೆ ನೊರೆ ಅಂತಲೇ ತಿಳ್ಕೊಳಿ. ಈಗ ತಕರಾರಿರೋ ಸ್ಯಾಂಪಲ್ ಬಾಟ್ಲಿಯನ್ನ 40 ಡಿಗ್ರಿ ನೀರಲ್ಲಿ ಐದು ನಿಮಿಷ ಇಟ್ಟು, 27ಕ್ಕೆ ತಣಿಸಿ, ಅಲ್ಲಾಡಿಸ್ದೇ ಮೆತ್ತಗೆ ಬಗ್ಗಿಸಿ ಬೆರೆಸಿ ಆಮೇಲೆ ನೋಡ್ತೀನಿ.

ದುಡ್ಡು ಹೋಗಿದ್ದೂ ಹೇಳ್ಬೇಕು. ಎರಡು ವರ್ಷದ ಹಿಂದೆ ಒಂದು ತಿಂಗಳು ನಮ್ಮ ಮೆಷಿನ್ ಫ್ಯಾಟ್ 0.15ರಷ್ಟು ಜಾಸ್ತಿ ತೋರಿಸ್ತಿತ್ತು, ಒಳಗೆ ಹಾಲುಕಲ್ಲು ಕಟ್ಟಿತ್ತು, ವಾರದ ಆಸಿಡ್ ಕ್ಲೀನಿಂಗ್ ನಾನು ಬಿಟ್ಟಿದ್ದೆ. ಹಾಕೋರಿಗೆ ಜಾಸ್ತಿ ಬರೆದ್ವಿ, ಮೇಲೆ ಟ್ಯಾಂಕರಲ್ಲಿ ಕಡಿಮೆ ಬಂತು, ವ್ಯತ್ಯಾಸ ಹದಿನಾಲ್ಕು ಸಾವಿರದ ಹತ್ರ ಡೈರೀದು. ಆವಾಗಿಂದ ದಿನಾ ಒಬ್ಬೊಬ್ಬರ ಲೀಟರ್ ಇಂಟು ಫ್ಯಾಟ್ ಕೂಡಿ, ಒಟ್ಟು ಲೀಟರಿಂದ ಭಾಗಿಸಿ, ಕೂಲರಲ್ಲಿ ಚೆನ್ನಾಗಿ ಕಲಕಿ ತೆಗೆದ ಸ್ಯಾಂಪಲ್ ಜೊತೆ ಹೋಲಿಸ್ತೀನಿ. 0.1ರೊಳಗೆ ಇದ್ರೆ ಸ್ಯಾಂಪಲ್ ತೆಗೆದಿದ್ದು ಸರಿ ಅಂತ ಅರ್ಥ. ಮೆಷಿನ್ ಎಲ್ಲಾ ಸ್ಯಾಂಪಲ್‌ಗೂ ಒಂದೇ ಥರ ತಪ್ಪಿದ್ರೆ ಇದರಲ್ಲಿ ಗೊತ್ತಾಗಲ್ಲ, ಅದಕ್ಕೆ ವಾರಕ್ಕೊಂದು ಸ್ಯಾಂಪಲ್ ಫ್ಯಾಟ್ ಅಳೆಯೋ ಗರ್ಬರ್ ಬ್ಯುಟಿರೋಮೀಟರಲ್ಲೂ ಮಾಡ್ತೀನಿ.

ಈ ಜೋಡಿ ಲೆಕ್ಕ ಒಂದು ಹಸು ಇರೋ ಮನೆಗೆ ಚೆನ್ನಾಗಿ ಹಿಡಿಯುತ್ತೆ. ಐದಾರು ಹಸು ಇದ್ದು ಒಂದು ಬತ್ತಿಸಿದ್ರೆ, ಇನ್ನೊಂದು ಹೊಸದಾಗಿ ಕರು ಹಾಕಿದ್ರೆ, ಹಳೇ ನಂಬರ್ ಕೆಲಸಕ್ಕೆ ಬರಲ್ಲ, ಹದಿನೈದು ದಿನ ಬಿಟ್ಟು ಹೊಸ ಸರಾಸರಿ ಹಾಕ್ಕೋಬೇಕು. ನನ್ನ ನೋಟ್‌ಬುಕ್ಕಲ್ಲಿ ಮನೆಗೊಂದು ಪುಟ ಇದೆ, ಹಸು ಕರು ಹಾಕಿದ ತಿಂಗಳೂ ಬರೆದಿದೆ. ಆ ಅಕ್ಕನ ಪುಟದಲ್ಲಿ ಮೊನ್ನೆ ಬರೆದಿದ್ದು 3.9, 8.5.