ಒಂದು ಸಂಬಳಕ್ಕೆ ಒಂದೇ ಅಧ್ಯಾಯ: ದುಡ್ಡಿನ ಪುಸ್ತಕ ನಾನು ಓದಿದ ರೀತಿ

"ಪುಸ್ತಕ ಓದಿ ದುಡ್ಡು ಉಳಿಸಿದೋರು ಯಾರಿದ್ದಾರೋ?" ಅಂತ ನಗುತ್ತಿದ್ದ ನಮ್ಮ ರೂಮಿನವರೇ ಈಗ ಪುಸ್ತಕದ ಹೆಸರು ಕೇಳುತ್ತಿದ್ದಾರೆ. ಹೆಸರು ಹೇಳುತ್ತೇನೆ. ಆದರೆ ನನಗೆ ಕೆಲಸಕ್ಕೆ ಬಂದದ್ದು ಅದನ್ನು ನಿಧಾನವಾಗಿ ಓದಿದ್ದು.

ಕೆಲಸಕ್ಕೆ ಸೇರಿದಾಗ ಕೈಗೆ ಸುಮಾರು 32 ಸಾವಿರ ಬರುತ್ತಿತ್ತು. ಎಲ್ಲರಂತೆ ನಾನೂ ಮೊದಲು ಹಿಡಿದದ್ದು 'ರಿಚ್ ಡ್ಯಾಡ್ ಪೂರ್ ಡ್ಯಾಡ್'. ಒಂದು ವಾರ ಭಾರೀ ಹುರುಪು, ತಿಂಗಳ ಕೊನೆಗೆ ಖಾತೆಯಲ್ಲಿ ಮಾಮೂಲಿ ಏಳೆಂಟು ನೂರು. ಆಸ್ತಿ ಯಾವುದು, ಹೊರೆ ಯಾವುದು ಅಂತ ಅದು ಚೆನ್ನಾಗಿ ತಲೆಗೆ ಹಾಕುತ್ತದೆ. ಆದರೆ ಸಂಬಳ ಬಿದ್ದ ದಿನ ಮೊದಲು ಏನು ಮಾಡಬೇಕು ಅನ್ನುವುದು ಅದರಲ್ಲಿ ನನಗೆ ಸಿಗಲಿಲ್ಲ. ರಮಿತ್ ಸೇಥಿಯ 'ಐ ವಿಲ್ ಟೀಚ್ ಯು ಟು ಬಿ ರಿಚ್' ಪುಸ್ತಕದಲ್ಲಿ ಅದು ಸಿಕ್ಕಿತು, ಆದರೆ ಅಲ್ಲಿನ ನಿವೃತ್ತಿ ಖಾತೆಗಳೆಲ್ಲ ಅಮೆರಿಕದವು. ನಮ್ಮ ಇಪಿಎಫ್‌ನವನಿಗೆ ಅವುಗಳಿಂದ ಏನು ಪ್ರಯೋಜನ?

ಕೊನೆಗೆ ಕೈ ಹಿಡಿದದ್ದು ಮೋನಿಕಾ ಹಾಲನ್ ಅವರ 'ಲೆಟ್ಸ್ ಟಾಕ್ ಮನಿ', 2018ರಲ್ಲಿ ಬಂದದ್ದು. ಪೂರ್ತಿ ಓದಿ ಮುಗಿಸುವ ಹಟ ಬಿಟ್ಟು, ಒಂದು ಸಂಬಳಕ್ಕೆ ಒಂದು ಅಧ್ಯಾಯ ಅಂತ ಮಾಡಿಕೊಂಡೆ. ಆ ಅಧ್ಯಾಯ ಹೇಳಿದ ಕೆಲಸ ಮುಗಿಯುವ ತನಕ ಮುಂದಿನ ಪುಟ ತೆರೆಯುವಂತಿಲ್ಲ.

ಮೊದಲ ಕೆಲಸವೇ ಮೂರು ಖಾತೆ: ಸಂಬಳಕ್ಕೊಂದು, ಖರ್ಚಿಗೊಂದು, ಹೂಡಿಕೆಗೊಂದು. ಪುಸ್ತಕದಲ್ಲಿ ಎರಡು ನಿಮಿಷದ ಮಾತು, ನನಗೆ ಹಿಡಿದದ್ದು ಮೂರು ತಿಂಗಳು. ಹೊಸದಾಗಿ ತೆರೆದ ಖಾತೆಗೆ ಸರಾಸರಿ ಕನಿಷ್ಠ ಬ್ಯಾಲೆನ್ಸ್ ಇಡಬೇಕಿತ್ತು. ಅಷ್ಟು ಇಲ್ಲದ್ದಕ್ಕೆ ದಂಡ, ದಂಡದ ಮೇಲೆ ಜಿಎಸ್‌ಟಿ, ಒಟ್ಟು ಐನೂರು ಆರುನೂರು ಹೋಯಿತು. ಆಮೇಲೆ ಊರಿನಲ್ಲಿ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದ ಹಳೇ ಝೀರೋ ಬ್ಯಾಲೆನ್ಸ್ ಖಾತೆಗೆ ಕೆವೈಸಿ ಮಾಡಿಸಿ ಅದನ್ನೇ ಹೂಡಿಕೆ ಖಾತೆ ಮಾಡಿಕೊಂಡೆ. ಯುಪಿಐ ಇರುವುದು ಖರ್ಚಿನ ಖಾತೆಗೆ ಮಾತ್ರ. ಸಂಬಳ ಒಮ್ಮೊಮ್ಮೆ ಮೂರನೇ ತಾರೀಕಿಗೆ ಬೀಳುತ್ತಿದ್ದರಿಂದ ವರ್ಗಾವಣೆಯನ್ನು ಐದಕ್ಕೆ ಇಟ್ಟೆ. ಖರ್ಚಿನ ಖಾತೆಗೆ ತಿಂಗಳದ್ದನ್ನೆಲ್ಲ ಒಂದೇ ಸಲ ಹಾಕದೆ ಒಡೆದು ಹಾಕುವ ನನ್ನದೇ ಒಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಮೊದಲ ತಿಂಗಳು ಉಳಿದದ್ದು ಮೂರು ಸಾವಿರದ ಚಿಲ್ಲರೆ, ವರ್ಷದ ಕೊನೆಗೆ ತಿಂಗಳಿಗೆ ಏಳು ಸಾವಿರದ ಹತ್ತಿರ. ತುರ್ತು ಹಣವನ್ನು ಒಂದೇ ಎಫ್‌ಡಿಯಲ್ಲಿ ಇಡದೆ ಹತ್ತು ಹತ್ತು ಸಾವಿರದ ತುಂಡು ಮಾಡಿದೆ. ಅಪ್ಪನ ಕಣ್ಣಿನ ಆಪರೇಷನ್‌ಗೆ ಎರಡು ತುಂಡು ಮುರಿದರೂ ಉಳಿದವುಗಳ ಬಡ್ಡಿ ಹೋಗಲಿಲ್ಲ.

ವಿಮೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ ಒಂದು ಪಾಲಿಸಿ ತಂದರು. ವರ್ಷಕ್ಕೆ 24 ಸಾವಿರದಂತೆ 20 ವರ್ಷ ಕಟ್ಟಿದರೆ ಕೊನೆಗೆ ಸುಮಾರು 9 ಲಕ್ಷ. "ಕಟ್ಟಿದ್ದರ ಡಬಲ್ ಕಣೋ, ಪುಸ್ತಕದೋರು ಕೊಡ್ತಾರಾ?" ಅಂದರು. ನಾನು ವಾದ ಮಾಡಲಿಲ್ಲ, ಅವರೆದುರೇ ಎಕ್ಸೆಲ್ ತೆರೆದೆ.

```
=RATE(20,-24000,0,900000,1)
```

ಬಂದ ಗಳಿಕೆ ವರ್ಷಕ್ಕೆ ಶೇಕಡಾ ಐದೂವರೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಚಿಕ್ಕಪ್ಪ ಎರಡು ಸಲ ನಂಬರ್ ಬದಲಿಸಿ ನೋಡಿದರು. ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಕೊಡುವ ಟರ್ಮ್ ಪಾಲಿಸಿ ಬೇರೆ, ಉಳಿತಾಯ ಬೇರೆ ಅಂತ ಪುಸ್ತಕ ಹೇಳುವುದೇಕೆ ಅನ್ನುವುದು ಆವತ್ತು ಇಬ್ಬರಿಗೂ ಅರ್ಥವಾಯಿತು. ಈಗ ಅವರೇ ತಮ್ಮ ಮಗನ ಪಾಲಿಸಿ ಕಾಗದ ಕಳಿಸಿ "ಒಂಚೂರು ಹಾಕಿ ನೋಡೋ" ಅನ್ನುತ್ತಾರೆ.

ಒಂದು ಕಡೆ ಮಾತ್ರ ಎಚ್ಚರ. ಇಂಥ ಪುಸ್ತಕಗಳಲ್ಲಿ ಬೇಗ ಹಳತಾಗುವುದು ತೆರಿಗೆಯ ಪುಟ. ಹಳೇ ಪ್ರತಿಯಲ್ಲಿ 80ಸಿ ಅಡಿ ಒಂದೂವರೆ ಲಕ್ಷ ಉಳಿಸಿ ಅಂತ ಇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ, 2023-24ರಿಂದ ನಾವು ಬೇಡ ಅನ್ನದಿದ್ದರೆ ನಮಗೆ ಅನ್ವಯಿಸುವುದೂ ಆ ಪದ್ಧತಿಯೇ. 2025-26ರಿಂದ ಅದರಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ಅಂದಮೇಲೆ 32 ಸಾವಿರದವನು ಟ್ಯಾಕ್ಸ್ ಉಳಿಸಲು ಮೂರು ವರ್ಷ ದುಡ್ಡು ಸಿಕ್ಕಿಸುವ ಇಎಲ್‌ಎಸ್‌ಎಸ್ ಫಂಡ್ ಯಾಕೆ ತಗೋಬೇಕು? ಶೇರು ಫಂಡಿನ ದೀರ್ಘಾವಧಿ ಲಾಭದ ಮೇಲೆ 10% ಅಂತ ಬರೆದಿದ್ದರೂ ಅದು ಹಳೇ ಪ್ರತಿಯೇ. 2024ರ ಜುಲೈನಿಂದ ಅದು 12.5% ಆಗಿದೆ.

ಮಧ್ಯೆ 'ಕಾಫಿ ಕ್ಯಾನ್ ಇನ್ವೆಸ್ಟಿಂಗ್' ಓದಿ ಸುಮ್ಮನೆ ಒಂದು ಪ್ರಯೋಗವನ್ನೂ ಮಾಡಿದೆ. ಹತ್ತು ವರ್ಷ ಬಿಡದೆ ಕಂಪನಿಯ ಆದಾಯ ಪ್ರತಿ ವರ್ಷ 10% ಬೆಳೆದಿರಬೇಕು, ತೊಡಗಿಸಿದ ಬಂಡವಾಳದ ಮೇಲೆ ಗಳಿಕೆ 15% ಇರಬೇಕು ಅನ್ನುವುದು ಅದರ ಜರಡಿ. ನಾಲ್ಕೈದು ಕಂಪನಿ ಸೋಸಿ ಒಟ್ಟು ಹದಿನೈದು ಸಾವಿರ ಹಾಕಿದೆ. ಎರಡು ವರ್ಷಕ್ಕೆ ನನ್ನ ಇಂಡೆಕ್ಸ್ ಫಂಡಿಗಿಂತ ತುಸು ಹಿಂದೆಯೇ ಇತ್ತು. ಹತ್ತು ವರ್ಷ ಮುಟ್ಟಬೇಡ ಅನ್ನುತ್ತದೆ ಪುಸ್ತಕ, ಮುಟ್ಟಿಲ್ಲ. ಹೊಸದಾಗಿ ಉಳಿಸುವವರು ತುರ್ತು ಹಣ ತುಂಬುವ ತನಕ ಆ ಪುಸ್ತಕ ತೆರೆಯದಿದ್ದರೂ ನಷ್ಟವಿಲ್ಲ.